ಕೋನ ಸರಿ, ಕಾರಣ ತಪ್ಪು: ವೃತ್ತದ ಉತ್ತರಗಳನ್ನು ತಿದ್ದುವ ಕ್ರಮ

ಒಂದು ಲೆಕ್ಕವನ್ನು ಎದುರಿಗಿಟ್ಟುಕೊಂಡೇ ಮಾತಾಡೋಣ. ಈ ಬರಹ ಓದುವಾಗ ಒಂದು ಹಾಳೆಯಲ್ಲಿ ಚಿತ್ರ ಬರೆದುಕೊಂಡರೆ ಮುಂದಿನದೆಲ್ಲ ಸುಲಭ.

O ಕೇಂದ್ರವಾಗಿರುವ ವೃತ್ತಕ್ಕೆ ಹೊರಗಿನ P ಬಿಂದುವಿನಿಂದ PA ಮತ್ತು PB ಎಂಬ ಎರಡು ಸ್ಪರ್ಶಕಗಳನ್ನು ಎಳೆದಿದೆ. A, B ಸ್ಪರ್ಶಬಿಂದುಗಳು. OA, OB, AB ಸೇರಿಸಿದೆ. P ಗೆ ಎದುರು ಬದಿಯಲ್ಲಿ, ಅಧಿಕ ಕಂಸದ ನಡುಭಾಗದಲ್ಲಿ C ಎಂಬ ಬಿಂದು ಇದೆ. CA, CB ಸೇರಿಸಿದೆ. ∠APB = 60° ಆದರೆ ∠OAP, ∠AOB, ∠OAB, ∠ACB ಎಷ್ಟು? ಪ್ರತಿಯೊಂದಕ್ಕೂ ಕಾರಣ ಕೊಡಿ.

ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ಹೀಗೆ ಬರೆದಿದ್ದಾನೆ ಎಂದುಕೊಳ್ಳಿ:

∠OAP = 90° (ಅರ್ಧವೃತ್ತದಲ್ಲಿನ ಕೋನ ಲಂಬಕೋನ)

∠AOB = 180° − 60° = 120° (PAOB ಚಕ್ರೀಯ ಚತುರ್ಭುಜ, ಅಭಿಮುಖ ಕೋನಗಳ ಮೊತ್ತ 180°)

∠OAB = (180° − 120°) ÷ 2 = 30° (ಬಾಹ್ಯಬಿಂದುವಿನಿಂದ ಎಳೆದ ಸ್ಪರ್ಶಕಗಳು ಸಮ)

∠ACB = 180° − 120° = 60° (OACB ಚಕ್ರೀಯ ಚತುರ್ಭುಜ)

ನಾಲ್ಕು ಕೋನಗಳೂ ಸರಿಯಾಗಿವೆ. ನಾಲ್ಕು ಕಾರಣಗಳಲ್ಲಿ ಒಂದೂ ಇದ್ದ ಹಾಗೆ ನಿಲ್ಲುವುದಿಲ್ಲ. ಕಟ್ಟುಗಟ್ಟಲೆ ಉತ್ತರ ಪತ್ರಿಕೆ ತಿದ್ದುವಾಗ ಕಣ್ಣು 90, 120, 30, 60 ಎಂಬ ಅಂಕಿಗಳ ಮೇಲೆ ಹಾಯ್ದು, ಕೆಂಪು ಶಾಯಿ ನಾಲ್ಕು ಸರಿ ಗುರುತು ಹಾಕಿ ಮುಂದಿನ ಪುಟಕ್ಕೆ ಹೋಗಿಬಿಡುತ್ತದೆ. ಜಾಗರೂಕರಾಗಿ ನೋಡಿದವರು ನಾಲ್ಕಕ್ಕೂ ಅಡ್ಡಗೆರೆ ಎಳೆಯುತ್ತಾರೆ. ನನ್ನ ಪ್ರಕಾರ ಎರಡೂ ಸರಿಯಲ್ಲ. ಈ ನಾಲ್ಕು ತಪ್ಪುಗಳು ನಾಲ್ಕು ಜಾತಿಯವು. ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದೇ ಇಲ್ಲಿನ ಕೆಲಸ.

ಮೊದಲು ನಿಮ್ಮ ಸರಪಳಿ

ವಿದ್ಯಾರ್ಥಿಯ ಉತ್ತರ ಓದುವ ಮೊದಲು ಒಮ್ಮೆ ನೀವೇ ಲೆಕ್ಕ ಮಾಡಿ, ಒಂದೊಂದು ಕೋನದ ಪಕ್ಕದಲ್ಲಿ ಅದಕ್ಕೆ ಬೇಕಾದ ಕಾರಣವನ್ನು ಬರೆದಿಟ್ಟುಕೊಳ್ಳಿ. ಮೇಲಿನ ಲೆಕ್ಕಕ್ಕೆ ಅದು ಹೀಗಿರುತ್ತದೆ. ಸ್ಪರ್ಶಬಿಂದುವಿನಲ್ಲಿ ತ್ರಿಜ್ಯವು ಸ್ಪರ್ಶಕಕ್ಕೆ ಲಂಬವಾದ್ದರಿಂದ ∠OAP = ∠OBP = 90°. ಚತುರ್ಭುಜದ ಒಳಕೋನಗಳ ಮೊತ್ತ 360° ಆದ್ದರಿಂದ ∠AOB = 360° − 90° − 90° − 60° = 120°. OA = OB, ಒಂದೇ ವೃತ್ತದ ತ್ರಿಜ್ಯಗಳು, ಆದ್ದರಿಂದ ತ್ರಿಭುಜ OAB ಸಮದ್ವಿಬಾಹು; ∠OAB = 30°. ಕಂಸವು ಕೇಂದ್ರದಲ್ಲಿ ಉಂಟುಮಾಡುವ ಕೋನವು ವೃತ್ತದ ಉಳಿದ ಭಾಗದಲ್ಲಿ ಉಂಟುಮಾಡುವ ಕೋನದ ಎರಡರಷ್ಟು; ಆದ್ದರಿಂದ ∠ACB = 60°.

ಇದನ್ನು ಮಾದರಿ ಉತ್ತರವೆಂದು ಎದುರಿಗಿಟ್ಟುಕೊಂಡು ಸಾಲಿಗೆ ಸಾಲು ಹೋಲಿಸುತ್ತ ಕೂರಬೇಡಿ. ವೃತ್ತದ ಲೆಕ್ಕಗಳಲ್ಲಿ ಒಂದೇ ಕೋನಕ್ಕೆ ಎರಡು ಮೂರು ದಾರಿಗಳು ಇರುವುದೇ ಹೆಚ್ಚು. ನಿಮ್ಮ ಸರಪಳಿ ಬೇಕಾಗುವುದು, ಯಾವ ಕೋನ ಯಾವುದರ ಮೇಲೆ ನಿಂತಿದೆ ಎಂದು ತಿಳಿಯಲು. ಇಲ್ಲಿ ಉಳಿದದ್ದೆಲ್ಲ ಆ 90° ಮೇಲೆ ನಿಂತಿದೆ.

ಆಮೇಲೆ ಷರತ್ತು: ಬಿಂದುಗಳು ಎಲ್ಲಿವೆ?

ಪ್ರತಿ ಪ್ರಮೇಯಕ್ಕೂ ಒಂದು ಷರತ್ತು ಇರುತ್ತದೆ, ಒಂದು ಫಲ ಇರುತ್ತದೆ. ಮಕ್ಕಳಿಗೆ ನೆನಪಿರುವುದು ಫಲ ಮಾತ್ರ. "90°" ಎಂದು ಕಂಡ ಕೂಡಲೇ ಅರ್ಧವೃತ್ತ. "180°" ಎಂದು ಕಂಡ ಕೂಡಲೇ ಚಕ್ರೀಯ ಚತುರ್ಭುಜ. ಒಂದು ಕೋನ ಇನ್ನೊಂದರ ಅರ್ಧವಾಗಿದ್ದರೆ ಕೇಂದ್ರಕೋನ. ಅಂಕಿಯನ್ನು ನೋಡಿ ಪ್ರಮೇಯ ಹುಡುಕುವ ಈ ಅಭ್ಯಾಸವೇ ಬಹುಪಾಲು ತಪ್ಪು ಕಾರಣಗಳ ಬೇರು. ಆದ್ದರಿಂದ ತಿದ್ದುವವರು ಫಲವನ್ನು ಬಿಟ್ಟು ಷರತ್ತನ್ನು ಚಿತ್ರದಲ್ಲಿ ಹುಡುಕಬೇಕು.

ವೃತ್ತದ ಮಟ್ಟಿಗೆ ಷರತ್ತುಗಳೆಲ್ಲ ಹೆಚ್ಚುಕಡಿಮೆ ಬಿಂದುಗಳ ಜಾಗಕ್ಕೆ ಸಂಬಂಧಿಸಿದವು. ಅರ್ಧವೃತ್ತದ ಕೋನಕ್ಕೆ ಮೂರು ಬಿಂದುಗಳೂ ವೃತ್ತದ ಮೇಲಿರಬೇಕು, ಅವುಗಳಲ್ಲಿ ಎರಡು ವ್ಯಾಸದ ತುದಿಗಳಾಗಿರಬೇಕು. ಚಕ್ರೀಯ ಚತುರ್ಭುಜಕ್ಕೆ ನಾಲ್ಕೂ ಶೃಂಗಗಳು ಒಂದೇ ವೃತ್ತದ ಮೇಲಿರಬೇಕು. ಒಂದೇ ವೃತ್ತಖಂಡದ ಕೋನಗಳಿಗೆ ಎರಡೂ ಶೃಂಗಗಳು ಜ್ಯಾದ ಒಂದೇ ಬದಿಯ ಕಂಸದಲ್ಲಿರಬೇಕು. ಕೇಂದ್ರಕೋನದ ಪ್ರಮೇಯಕ್ಕೆ ಒಂದು ಶೃಂಗ ಕೇಂದ್ರದಲ್ಲಿ, ಇನ್ನೊಂದು ವೃತ್ತದ ಮೇಲೆ. ವಿದ್ಯಾರ್ಥಿ ಹೆಸರಿಸಿದ ಬಿಂದುಗಳ ಮೇಲೆ ಬೆರಳಿಟ್ಟು "ಇದು ವೃತ್ತದ ಮೇಲಿದೆಯೇ, ಒಳಗೋ, ಹೊರಗೋ, ಕೇಂದ್ರವೋ?" ಎಂದು ಕೇಳಿಕೊಂಡರೆ ಹತ್ತು ಸೆಕೆಂಡಿನಲ್ಲಿ ತೀರ್ಮಾನವಾಗುತ್ತದೆ.

ಮೊದಲ ಸಾಲನ್ನು ಹೀಗೆ ನೋಡಿ. ∠OAP ನಲ್ಲಿ A ವೃತ್ತದ ಮೇಲಿದೆ. O ಕೇಂದ್ರ, P ಹೊರಗೆ. OP ವ್ಯಾಸವಲ್ಲ. ಚಿತ್ರದಲ್ಲಿ ವ್ಯಾಸವನ್ನೇ ಎಳೆದಿಲ್ಲ. ಅರ್ಧವೃತ್ತದ ಪ್ರಮೇಯಕ್ಕೆ ಇಲ್ಲಿ ನಿಲ್ಲಲು ಜಾಗವಿಲ್ಲ.

ಆದರೂ ಈ ತಪ್ಪು ಎಲ್ಲಿಂದ ಬಂತೆಂದು ತಿಳಿಯುವುದು ಒಳ್ಳೆಯದು. ಹೊರಬಿಂದುವಿನಿಂದ ಸ್ಪರ್ಶಕ ಎಳೆಯುವ ರಚನೆಯಲ್ಲಿ OP ಯನ್ನು ಅರ್ಧಿಸಿ, ಅದನ್ನೇ ವ್ಯಾಸವಾಗಿಟ್ಟು ಇನ್ನೊಂದು ವೃತ್ತ ಬರೆಯುತ್ತೇವೆ. ಅದು ಮೊದಲ ವೃತ್ತವನ್ನು ಕಡಿಯುವ ಬಿಂದುಗಳೇ A ಮತ್ತು B. ಅಲ್ಲಿ ∠OAP = 90° ಎಂಬುದಕ್ಕೆ ಕಾರಣ ಅರ್ಧವೃತ್ತದಲ್ಲಿನ ಕೋನವೇ. ಹಾಗಾಗಿ ರಚನೆಯನ್ನು ಶ್ರದ್ಧೆಯಿಂದ ಕಲಿತ ಹುಡುಗನೇ ಈ ತಪ್ಪು ಮಾಡುವ ಸಾಧ್ಯತೆ ಇದೆ. ನಮ್ಮ ಲೆಕ್ಕದಲ್ಲಿ ಆ ಎರಡನೆಯ ವೃತ್ತ ಇಲ್ಲ. ಅದನ್ನು ತಂದರೂ A ಅದರ ಮೇಲಿದೆ ಎಂದು ತೋರಿಸಲು ∠OAP = 90° ಎಂಬುದೇ ಬೇಕಾಗುತ್ತದೆ; ಸಾಧಿಸಬೇಕಾದದ್ದನ್ನೇ ಆಧಾರ ಮಾಡಿಕೊಂಡಂತಾಗುತ್ತದೆ. ವಿದ್ಯಾರ್ಥಿಯ ಹಾಳೆಯಲ್ಲಿ "ವ್ಯಾಸ ಯಾವುದು?" ಎಂಬ ಎರಡು ಪದ ಬರೆದರೆ ಸಾಕು. "OP" ಎಂದು ಉತ್ತರ ಬಂದರೆ ರಚನೆಯ ನೆನಪು. ಉತ್ತರವೇ ಬಾರದಿದ್ದರೆ ಅಂಕಿ ನೋಡಿ ಹೆಸರು ಹಚ್ಚಿದ್ದು.

ಷರತ್ತು ನಿಜ, ಆದರೆ ಹೇಳಿಲ್ಲ

ಎರಡನೆಯ ಸಾಲಿನಲ್ಲಿ ತಿದ್ದುವವರೇ ಎಡವುತ್ತಾರೆ. PAOB ಯಲ್ಲಿ A, B ಮಾತ್ರ ಕೊಟ್ಟಿರುವ ವೃತ್ತದ ಮೇಲಿವೆ. O ಕೇಂದ್ರದಲ್ಲಿದೆ, P ಹೊರಗಿದೆ. ಷರತ್ತಿನ ಪರೀಕ್ಷೆಯಲ್ಲಿ ಇದು ಕೂಡಲೇ ಬಿದ್ದುಹೋಗುತ್ತದೆ. ಆದರೆ PAOB ನಿಜವಾಗಿಯೂ ಚಕ್ರೀಯ ಚತುರ್ಭುಜ! A ಮತ್ತು B ಯಲ್ಲಿನ ಕೋನಗಳು ತಲಾ 90°, ಮೊತ್ತ 180°. ಅಭಿಮುಖ ಕೋನಗಳ ಮೊತ್ತ 180° ಆದರೆ ಆ ಚತುರ್ಭುಜ ಚಕ್ರೀಯ ಎಂಬ ವಿಲೋಮ ಪ್ರಮೇಯದಿಂದ ನಾಲ್ಕು ಬಿಂದುಗಳೂ OP ವ್ಯಾಸವಾಗಿರುವ ಬೇರೊಂದು ವೃತ್ತದ ಮೇಲಿವೆ.

ಅಂದರೆ ಈ ಕಾರಣ ಸುಳ್ಳಲ್ಲ. ಆಧಾರ ಕೊಡದೆ ಹೇಳಿದ ನಿಜ. "∠OAP + ∠OBP = 180°, ಆದ್ದರಿಂದ PAOB ಚಕ್ರೀಯ" ಎಂಬ ಒಂದು ಸಾಲು ಮೇಲಿದ್ದಿದ್ದರೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ. ಆ ಸಾಲಿಲ್ಲದಿದ್ದರೆ ಕೊಡುವುದಿಲ್ಲ. ಏಕೆಂದರೆ ಬಹಳ ಮಕ್ಕಳು "ಚಿತ್ರದಲ್ಲಿ ವೃತ್ತವೂ ಇದೆ, ಚತುರ್ಭುಜವೂ ಇದೆ, ಆದ್ದರಿಂದ ಚಕ್ರೀಯ" ಎಂದೇ ಬರೆದಿರುತ್ತಾರೆ. ಯಾವ ಅರ್ಥದಲ್ಲಿ ಬರೆದ ಎಂಬುದು ಈ ಒಂದೇ ಸಾಲಿನಿಂದ ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ನಾಲ್ಕನೆಯ ಸಾಲು. ಅದಕ್ಕೆ ಈಗಲೇ ಬರುತ್ತೇನೆ; ಮೂರನೆಯದನ್ನು ಮೊದಲು ಮುಗಿಸೋಣ.

ಲೆಕ್ಕದ ಸಾಲು ಏನು ಹೇಳುತ್ತದೆ?

ಮೂರನೆಯ ಕಾರಣ, ಬಾಹ್ಯಬಿಂದುವಿನಿಂದ ಎಳೆದ ಸ್ಪರ್ಶಕಗಳು ಸಮ, ಪೂರ್ತಿ ನಿಜ. ಷರತ್ತೂ ಚಿತ್ರದಲ್ಲಿದೆ. ಷರತ್ತಿನ ಪರೀಕ್ಷೆ ಇಲ್ಲಿ ಏನನ್ನೂ ಹಿಡಿಯುವುದಿಲ್ಲ. ಹಿಡಿಯುವುದು ಲೆಕ್ಕದ ಸಾಲು.

ಆ ಕಾರಣದಿಂದ ಸಿಗುವುದು PA = PB; ಅದರಿಂದ ತ್ರಿಭುಜ PAB ಸಮದ್ವಿಬಾಹು; ಅದರಿಂದ ∠PAB = (180° − 60°) ÷ 2 = 60°; ಆಮೇಲೆ 90° − 60° = 30°. ಇದೂ ಒಂದು ಸರಿಯಾದ ದಾರಿಯೇ. ಆದರೆ ವಿದ್ಯಾರ್ಥಿ ಮಾಡಿದ್ದು 180 ರಿಂದ 120 ಕಳೆದು ಅರ್ಧಿಸಿದ್ದು. 120° ಎಂಬುದು O ದಲ್ಲಿನ ಕೋನ. ಅವನು ತ್ರಿಭುಜ OAB ಯಲ್ಲಿ ಲೆಕ್ಕ ಮಾಡಿ, ತ್ರಿಭುಜ PAB ಯ ಕಾರಣ ಕೊಟ್ಟಿದ್ದಾನೆ. ಬೇಕಾಗಿದ್ದದ್ದು "OA = OB, ತ್ರಿಜ್ಯಗಳು".

ಇಂಥ ಕಡೆ ಕೆಂಪು ಶಾಯಿಯಲ್ಲಿ ಪ್ರಮೇಯವನ್ನು ಬರೆಯಬೇಡಿ, ಲೆಕ್ಕದಲ್ಲಿರುವ 120 ಕ್ಕೆ ಸುತ್ತು ಹಾಕಿ "ಇದು ಯಾವ ತ್ರಿಭುಜದ ಕೋನ?" ಎಂದು ಕೇಳಿ. ಚಿತ್ರ ನೋಡಿದ ಕೂಡಲೇ ತನ್ನ ಕಾರಣ ಪಕ್ಕದ ತ್ರಿಭುಜದ್ದು ಎಂದು ಹುಡುಗನಿಗೇ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ನಾಲ್ಕರಲ್ಲಿ ಅತಿ ಸಣ್ಣ ತಪ್ಪು ಇದೇ. ಕೋನ ಕಂಡುಹಿಡಿಯುವಾಗ ಅವನ ತಲೆಯಲ್ಲಿ ಓಡಿದ್ದು ಸರಿಯಾದ ಕಾರಣವೇ. ಬರೆಯುವಾಗ ಕೈ ಜಾರಿದೆ.

ಇದಕ್ಕೆ ಹತ್ತಿರದ ಇನ್ನೊಂದು ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಇದೇ ಲೆಕ್ಕದಲ್ಲಿ ಕೆಲವರು ∠ACB = ∠PAB ಎಂದು ಬರೆದು, ಕಾರಣದ ಜಾಗದಲ್ಲಿ "ಪರ್ಯಾಯ ಕೋನಗಳು" ಎನ್ನುತ್ತಾರೆ. ಪರ್ಯಾಯ ಕೋನಗಳು ಸಮವಾಗಲು ಸಮಾಂತರ ರೇಖೆಗಳು ಬೇಕು. ಇಲ್ಲಿ ಅದರ ಸುಳಿವಿಲ್ಲ. ಆದರೆ ಸಮೀಕರಣ ಸರಿ: ಸ್ಪರ್ಶಕಕ್ಕೂ ಸ್ಪರ್ಶಬಿಂದುವಿನ ಮೂಲಕ ಎಳೆದ ಜ್ಯಾಗೂ ನಡುವಿನ ಕೋನವು ಜ್ಯಾದ ಆಚೆ ಬದಿಯ ವೃತ್ತಖಂಡದಲ್ಲಿನ ಕೋನಕ್ಕೆ ಸಮ. ಎಲ್ಲೋ ಮನೆಪಾಠದಲ್ಲಿ ಕಲಿತ ಈ ಪ್ರಮೇಯದ ಹೆಸರು ಅರ್ಧ ಮಾತ್ರ ನೆನಪಿದೆ. ತರಗತಿಯಲ್ಲಿ ಹೇಳಿಕೊಟ್ಟಿಲ್ಲವೆಂದು ಹೊಡೆದುಹಾಕುವ ಮೊದಲು "ಪೂರ್ತಿ ವಾಕ್ಯದಲ್ಲಿ ಹೇಳು" ಎಂದು ಕೇಳಿ. ಹೇಳಿದರೆ ಹೆಸರಿನ ತಪ್ಪು. ಸಮಾಂತರ ರೇಖೆಯ ಮಾತು ತೆಗೆದರೆ ಬರೀ ಊಹೆ.

ಅಂಕಿ ಬದಲಿಸಿ ನೋಡಿ

ಈಗ ನಾಲ್ಕನೆಯ ಸಾಲು. OACB ಚಕ್ರೀಯ, ಆದ್ದರಿಂದ ∠ACB = 180° − 120° = 60°. ಇಲ್ಲಿ ಕೋನ ಸರಿಯಾಗಿದ್ದು ಶುದ್ಧ ಆಕಸ್ಮಿಕ.

ಷರತ್ತು ನೋಡಿದರೆ A, C, B ವೃತ್ತದ ಮೇಲಿವೆ, O ಕೇಂದ್ರ. ಈ ಮೂರು ಬಿಂದುಗಳ ಮೂಲಕ ಹೋಗುವ ವೃತ್ತ ಒಂದೇ, ಅದು ಕೊಟ್ಟಿರುವ ವೃತ್ತ. ಅದರ ಕೇಂದ್ರ ಅದರ ಮೇಲೆಯೇ ಇರುವುದು ಹೇಗೆ? PAOB ಯ ಹಾಗೆ ಇಲ್ಲಿ ಎರಡನೆಯ ವೃತ್ತವೊಂದು ಬಂದು ಕಾಪಾಡುವ ಪ್ರಶ್ನೆಯೇ ಇಲ್ಲ. ಅದೂ ಅಲ್ಲದೆ O ಬಿಂದು ತ್ರಿಭುಜ ABC ಯ ಒಳಗಿದೆ. OACB ಬಾಣದ ತುದಿಯಂತೆ ಒಳಕ್ಕೆ ಮಡಚಿದ ಚತುರ್ಭುಜ. O ದಲ್ಲಿ ಅದರ ಒಳಕೋನ 120° ಅಲ್ಲ, 240° ಇರುವ ಸರಳಾಧಿಕ ಕೋನ. 120 ಮತ್ತು 60 ಕೂಡಿದರೆ 180 ಆಗುತ್ತದೆ, ಹಾಗಾಗಿ ಚಕ್ರೀಯವಲ್ಲವೇ ಎಂದು ಯಾರಾದರೂ ವಾದಿಸಿದರೆ ಈ 240 ಅನ್ನು ತೋರಿಸಿ.

ಆದರೆ ಹುಡುಗನಿಗೆ ಮನವರಿಕೆ ಮಾಡಲು ಇಷ್ಟು ವಾದ ಬೇಡ. ∠APB ಯನ್ನು 60° ರಿಂದ 50° ಕ್ಕೆ ಇಳಿಸಿ. ∠AOB = 130°. ಅವನ ಕಾರಣದ ಪ್ರಕಾರ ∠ACB = 180° − 130° = 50°. ಕೇಂದ್ರಕೋನದ ಪ್ರಮೇಯದ ಪ್ರಕಾರ 65°. ಚಿತ್ರವನ್ನು ಕೋನಮಾಪಕದಿಂದ ಅಳೆದರೆ 65 ರ ಆಸುಪಾಸಿನಲ್ಲಿ ಬರುತ್ತದೆ, 50 ರ ಹತ್ತಿರವೂ ಬರುವುದಿಲ್ಲ. ಹದಿನೈದು ಡಿಗ್ರಿ ವ್ಯತ್ಯಾಸವನ್ನು ಅಳತೆಯ ತಪ್ಪು ಎಂದು ತಳ್ಳಿಹಾಕಲು ಆಗುವುದಿಲ್ಲ.

60° ರಲ್ಲಿ ಏಕೆ ಹೊಂದಿಕೊಂಡಿತು? ∠APB ಯನ್ನು x ಎಂದುಕೊಂಡರೆ ನಿಜವಾದ ∠ACB = 90° − x/2. ಹುಡುಗನ ದಾರಿಯಲ್ಲಿ ಬರುವುದು 180° − (180° − x), ಅಂದರೆ x. ಎರಡೂ ಸಮವಾಗುವುದು x = 60° ಆದಾಗ ಮಾತ್ರ. ಪ್ರಶ್ನೆ ಬರೆದವರು ಲೆಕ್ಕ ಸುಲಭವಾಗಲೆಂದು ಆರಿಸಿದ ಅಂಕಿಯೇ ತಪ್ಪು ಕಾರಣಕ್ಕೆ ಮರೆಯಾಗಿ ನಿಂತಿದೆ.

ಈ ಪರೀಕ್ಷೆಗೆ ಒಂದು ಮಿತಿ ಇದೆ, ಮರೆಯಬಾರದು. ಅಂಕಿ ಬದಲಿಸಿದಾಗ ಉತ್ತರ ಕೆಟ್ಟರೆ ಕಾರಣ ಸುಳ್ಳು ಎಂಬುದು ಖಚಿತ. ಆದರೆ ಉತ್ತರ ಕೆಡದಿದ್ದರೆ ಕಾರಣ ಸರಿ ಎಂದಾಗುವುದಿಲ್ಲ. ಮೊದಲ ಸಾಲಿನ 90° ಯಾವ x ಗೂ ಬದಲಾಗುವುದಿಲ್ಲ. ಅರ್ಧವೃತ್ತದ ಕಾರಣ ಹಾಗೆಯೇ ಪಾರಾಗುತ್ತದೆ. ಎರಡನೆಯ ಸಾಲಿನ 180° − x ಕೂಡ ಸದಾ ಸರಿ. ಇನ್ನೂ ಕುತೂಹಲದ್ದು ∠OAB: ಅದು ಯಾವಾಗಲೂ x ನ ಅರ್ಧ. ಆದ್ದರಿಂದ "∠OAB = ½∠APB, ಕೇಂದ್ರಕೋನದ ಪ್ರಮೇಯ" ಎಂದು ಬರೆದವನ ಉತ್ತರ ಯಾವ ಅಂಕಿಯಲ್ಲೂ ಕೆಡುವುದಿಲ್ಲ, ಅಲ್ಲಿ P ಕೇಂದ್ರವೂ ಅಲ್ಲ, A ಯಲ್ಲಿನ ಕೋನ AB ಕಂಸ ಉಂಟುಮಾಡಿದ್ದೂ ಅಲ್ಲ. ಅಂಥದ್ದನ್ನು ಹಿಡಿಯಲು ಷರತ್ತಿನ ಪರೀಕ್ಷೆಯೇ ಬೇಕು. ಅದಕ್ಕೇ ಆ ಪರೀಕ್ಷೆ ಮೊದಲು, ಅಂಕಿ ಬದಲಿಸುವುದು ಆಮೇಲೆ.

ಈಗ ಎರಡನೆಯ ಸಾಲಿಗೆ ಹಿಂದಿರುಗಬಹುದು. PAOB ಚಕ್ರೀಯ ಎಂದವನೇ OACB ಯನ್ನೂ ಚಕ್ರೀಯ ಎಂದಿದ್ದಾನೆ. ಅವನಿಗೆ ಎರಡನೆಯ ವೃತ್ತ ಗೊತ್ತಿರಲಿಲ್ಲ ಎಂಬುದು ಇದರಿಂದ ಬಹುಮಟ್ಟಿಗೆ ಖಚಿತ. ವೃತ್ತದ ಚಿತ್ರದಲ್ಲಿ ಕಂಡ ಚತುರ್ಭುಜಗಳೆಲ್ಲ ಅವನಿಗೆ ಚಕ್ರೀಯವೇ. ಒಂದು ಕಾರಣದ ಹಿಂದಿನ ಯೋಚನೆ ಹಲವು ಸಲ ಅದೇ ಪುಟದ ಬೇರೊಂದು ಸಾಲಿನಲ್ಲಿ ಬಯಲಾಗುತ್ತದೆ. ಆದ್ದರಿಂದ ಇಂಥ ಉತ್ತರವನ್ನು ಪೂರ್ತಿ ಓದಿದ ಮೇಲೆಯೇ ಕಾರಣಗಳಿಗೆ ಅಂಕ ಹಾಕಿ.

ಅಂಕ

ಕೋನಕ್ಕೆ ಒಂದು, ಕಾರಣಕ್ಕೆ ಒಂದು ಎಂದು ಮೊದಲೇ ಬೇರ್ಪಡಿಸಿದ ತರಗತಿ ಪರೀಕ್ಷೆಯಲ್ಲಿ ನಾನಾದರೆ ಹೀಗೆ ಹಾಕುತ್ತೇನೆ. ಮೂರನೆಯದಕ್ಕೆ ಕೋನದ ಅಂಕ ಪೂರ್ತಿ, ಕಾರಣದ್ದು ಅರ್ಧ. ಮೊದಲನೆಯದಕ್ಕೂ ಎರಡನೆಯದಕ್ಕೂ ಕೋನದ್ದು ಮಾತ್ರ. ನಾಲ್ಕನೆಯದಕ್ಕೆ ಎರಡೂ ಇಲ್ಲ. ಕೋನ ಸರಿಯಿದ್ದರೂ ಅಂಕವಿಲ್ಲವೇ ಎಂದು ಪೋಷಕರು ಕೇಳಲು ಬಂದರೆ 50° ರ ಲೆಕ್ಕವನ್ನು ಅವರ ಎದುರಿಗೇ ಮಾಡಿ ತೋರಿಸಿ. ಅದೇ ದಾರಿಯಲ್ಲಿ ಹೋದರೆ ತಪ್ಪು ಉತ್ತರ ಬರುತ್ತದೆ ಎಂಬುದು ಗಣಿತ ಬಾರದವರಿಗೂ ಅರ್ಥವಾಗುತ್ತದೆ. ಸಾರ್ವಜನಿಕ ಪರೀಕ್ಷೆಯ ಮೌಲ್ಯಮಾಪನದಲ್ಲಿ ಕೊಟ್ಟಿರುವ ಅಂಕ ಸೂಚಿಯನ್ನು ಅನುಸರಿಸಬೇಕೇ ಹೊರತು ಈ ಲೆಕ್ಕಾಚಾರ ಅಲ್ಲಿ ನಡೆಯುವುದಿಲ್ಲ.

"ಪ್ರಮೇಯದ ಪ್ರಕಾರ" ಎಂದಷ್ಟೇ ಬರೆದು ಯಾವ ಪ್ರಮೇಯ ಎಂದು ಹೇಳದವರಿಗೆ ಕಾರಣದ ಅಂಕ ಇಲ್ಲ. ಅದರ ಬಗ್ಗೆ ಚರ್ಚೆಯೂ ಬೇಡ.

ಮರುಪರೀಕ್ಷೆಯ ಲೆಕ್ಕ

ತಿದ್ದಿದ ಹಾಳೆ ಕೊಟ್ಟ ಮೇಲೆ ಇದೇ ಚಿತ್ರದ ಇನ್ನೊಂದು ಲೆಕ್ಕ ಕೊಡಿ. 60° ಬೇಡ. 90° ಕೂಡ ಬೇಡ. ಆಗ ∠APB, ∠AOB, ∠OAP ಮೂರೂ 90° ಆಗಿ, ಯಾವುದನ್ನು ಯಾವುದಕ್ಕೆ ಸಮ ಎಂದರೂ ನಡೆದುಹೋಗುತ್ತದೆ. ∠APB = 40° ಇಡಿ. ಲಘು ಕಂಸದ ಮೇಲೆ, ಅಂದರೆ P ಕಡೆಯ ಕಂಸದಲ್ಲಿ, D ಎಂಬ ಹೊಸ ಬಿಂದು ಗುರುತಿಸಿ ∠ADB ಯನ್ನೂ ಕೇಳಿ.

ಸರಿಯಾದ ಉತ್ತರಗಳು: ∠AOB = 140°, ∠OAB = 20°, ∠ACB = 70°, ∠ADB = 110°. ಕೊನೆಯದಕ್ಕೆ ಕಾರಣ, ಚಕ್ರೀಯ ಚತುರ್ಭುಜ ACBD ಯ ಅಭಿಮುಖ ಕೋನಗಳು. ಆ ನಾಲ್ಕೂ ಶೃಂಗಗಳು ವೃತ್ತದ ಮೇಲಿರುವುದರಿಂದ ಹುಡುಗನಿಗೆ ಪ್ರಿಯವಾದ ಪ್ರಮೇಯಕ್ಕೆ ಇಲ್ಲಿ ನಿಜವಾದ ಜಾಗವಿದೆ. ಹಳೆಯ ಅಭ್ಯಾಸದಂತೆ OACB ಅಥವಾ OADB ಯನ್ನು ಚಕ್ರೀಯ ಎಂದುಕೊಂಡರೆ C ಯಲ್ಲೂ D ಯಲ್ಲೂ 40° ಬರುತ್ತದೆ. D ಯಲ್ಲಿ ವಿಶಾಲಕೋನ ಇರುವುದು ಚಿತ್ರದಲ್ಲೇ ಕಾಣುವಾಗ 40° ಬರೆಯಲು ಅವನ ಕೈಯೇ ಅನುಮಾನಿಸುತ್ತದೆ. ಅನುಮಾನಿಸಿ ನಿಂತವನನ್ನು ಕೇಳಿ: ಈ ನಾಲ್ಕರಲ್ಲಿ ಯಾವ ಬಿಂದು ವೃತ್ತದ ಮೇಲಿಲ್ಲ?